ಒಂದೇ ಬೀಮ್, ಒಂದೇ ಬಿಂದು, ಎರಡು ಡಿಫ್ಲೆಕ್ಷನ್: ಮೊಮೆಂಟ್ ಏರಿಯಾ ಲೆಕ್ಕ ಎಲ್ಲಿ ದಾರಿ ತಪ್ಪುತ್ತಿದೆ?

ಮಂಡ್ಯ_ಸಿವಿಲ್

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೊಮೆಂಟ್ ಏರಿಯಾ ವಿಧಾನದ ಒಂದು ಲೆಕ್ಕ ನನ್ನನ್ನು ಸತಾಯಿಸುತ್ತಿದೆ.

ಬೀಮಿನ ಉದ್ದ 6 ಮೀಟರ್, ಎರಡು ತುದಿಗಳೂ ಸುಮ್ಮನೆ ಆಧಾರದ ಮೇಲೆ ಕುಳಿತಿವೆ. ಎಡ ತುದಿ A, ಬಲ ತುದಿ B. A ಯಿಂದ 2 ಮೀಟರ್ ದೂರದ C ಯಲ್ಲಿ 12 ಕಿಲೋನ್ಯೂಟನ್, 4 ಮೀಟರ್ ದೂರದ D ಯಲ್ಲಿ 24 ಕಿಲೋನ್ಯೂಟನ್ ಭಾರ. A ಯ ಪ್ರತಿಕ್ರಿಯೆ 16, B ಯದು 20. ಹಾಗಾಗಿ ಬೆಂಡಿಂಗ್ ಮೊಮೆಂಟ್ C ಯಲ್ಲಿ 32, D ಯಲ್ಲಿ 40 ಕಿಲೋನ್ಯೂಟನ್ ಮೀಟರ್. ಇಲ್ಲಿಯವರೆಗೆ ತೊಂದರೆ ಇಲ್ಲ.

D ಯ ಡಿಫ್ಲೆಕ್ಷನ್ ಬೇಕು. A ಯಿಂದ D ವರೆಗಿನ ಮೊಮೆಂಟ್ ಚಿತ್ರವನ್ನು ತ್ರಿಭುಜ, ಆಯತ, ಇನ್ನೊಂದು ಸಣ್ಣ ತ್ರಿಭುಜ ಎಂದು ಒಡೆದು, D ಯ ಸುತ್ತ ವಿಸ್ತೀರ್ಣಗಳ ಮೊಮೆಂಟ್ ತೆಗೆದರೆ 85.33 + 64 + 5.33, ಅಂದರೆ 154.67/EI ಬರುತ್ತದೆ. ಅದೇ ಕೆಲಸವನ್ನು B ಕಡೆಯಿಂದ ಮಾಡಿದರೆ ಒಂದೇ ತ್ರಿಭುಜ: ವಿಸ್ತೀರ್ಣ 40, D ಯಿಂದ ಅದರ ಕೇಂದ್ರಕ್ಕೆ 0.667 ಮೀಟರ್, ಉತ್ತರ 26.67/EI. ಒಂದೇ ಬಿಂದು ಎಡದಿಂದ ನೋಡಿದರೆ ಒಂದಷ್ಟು, ಬಲದಿಂದ ನೋಡಿದರೆ ಅದರ ಆರನೆಯ ಒಂದು ಭಾಗ ಬಾಗುವುದಾದರೂ ಹೇಗೆ? ಪುಸ್ತಕದ ಉತ್ತರ ಈ ಎರಡೂ ಅಲ್ಲ.

ಲೆಕ್ಕಪಕ್ಕಾ

ಸುಲಭದ ಕಾರಣ: ಮೊಮೆಂಟ್ ಏರಿಯಾ ಇರುವುದು ಕ್ಯಾಂಟಿಲಿವರ್‌ಗೆ. ಒಂದು ತುದಿ ಗೋಡೆಯೊಳಗೆ ಬಿಗಿಯಾಗಿದ್ದರೆ ಮಾತ್ರ ವಿಸ್ತೀರ್ಣದ ಮೊಮೆಂಟೇ ಡಿಫ್ಲೆಕ್ಷನ್ ಆಗುತ್ತದೆ. ಎರಡು ಆಧಾರಗಳ ಬೀಮಿಗೆ, ಅದೂ ಎರಡು ಮೂರು ಭಾರಗಳಿದ್ದರೆ, ಮೆಕಾಲೆ ವಿಧಾನಕ್ಕೆ ಹೋಗಿಬಿಡಿ. ಇಂಟಿಗ್ರೇಷನ್ ಸ್ಥಿರಾಂಕ ಎರಡನ್ನು ಕಂಡುಹಿಡಿದರೆ ಮುಗಿಯಿತು. ಪರೀಕ್ಷೆಯಲ್ಲಿ ನಾನು ಹಾಗೆಯೇ ಮಾಡಿ ಪಾಸಾದೆ.

ನಿವೃತ್ತ_ಮೇಷ್ಟ್ರು

ಲೆಕ್ಕಪಕ್ಕಾ ಅವರ ಮೊದಲ ಮಾತಿನಲ್ಲಿ ಅರ್ಧ ನಿಜವಿದೆ. ಬಿಗಿ ತುದಿಯಲ್ಲಿ ಬೀಮಿನ ಸ್ಪರ್ಶಕ ಮಟ್ಟಸವಾಗಿಯೇ ಉಳಿಯುವುದರಿಂದ ಅಲ್ಲಿ ಬರುವ ಉತ್ತರವೇ ಡಿಫ್ಲೆಕ್ಷನ್. ಅದರಿಂದ ಉಳಿದ ಬೀಮುಗಳಿಗೆ ವಿಧಾನ ನಡೆಯುವುದಿಲ್ಲ ಎಂದು ತೀರ್ಮಾನಿಸುವುದು ಮಾತ್ರ ಸರಿಯಲ್ಲ.

ಮಂಡ್ಯದ ತಮ್ಮಾ, ನಿಮ್ಮ ಎರಡು ಸಂಖ್ಯೆಗಳೂ ಸರಿಯಾಗಿವೆ. ಎರಡನ್ನೂ ಡಿಫ್ಲೆಕ್ಷನ್ ಎಂದು ಕರೆದದ್ದರಲ್ಲಿ ತೊಡಕಿದೆ. 154.67 ಎನ್ನುವುದು ಯಾವುದರಿಂದ ಯಾವುದಕ್ಕೆ ಇರುವ ಅಂತರ? ಒಂದು ಹಾಳೆ ತೆಗೆದುಕೊಂಡು ಬಾಗಿದ ಬೀಮನ್ನು ಉತ್ಪ್ರೇಕ್ಷೆ ಮಾಡಿ ಬರೆಯಿರಿ. ಅದು A ಯಿಂದ ಹೊರಡುವಾಗಲೇ ಕೆಳಮುಖವಾಗಿ ಓರೆಯಾಗಿ ಹೊರಡುತ್ತದೆ. ಆ ಓರೆಗೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆಯಿರಿ. B ಯ ಬಳಿ ಆ ಗೆರೆ ಆಧಾರಕ್ಕಿಂತ ಬಹಳ ಕೆಳಗೆ ಹೋಗಿರುತ್ತದೆ. ಬೀಮು ಆ ಗೆರೆಯನ್ನು ಬಿಟ್ಟು ಮೇಲಕ್ಕೆ ತಿರುಗುತ್ತಾ ಬರುತ್ತದೆ. D ಯ ಮೇಲೆ ಲಂಬವಾಗಿ ನೋಡಿದರೆ ಮೂರು ಗೆರೆಗಳು ಸಿಗುತ್ತವೆ: ಎಲ್ಲಕ್ಕಿಂತ ಮೇಲೆ ಬಾಗುವ ಮುಂಚಿನ ಮಟ್ಟಸ ಗೆರೆ, ನಡುವೆ ಬಾಗಿದ ಬೀಮು, ಅದರ ಕೆಳಗೆ A ಯ ಸ್ಪರ್ಶಕ. ನಿಮ್ಮ 154.67 ಬೀಮಿಗೂ ಕೆಳಗಿನ ಸ್ಪರ್ಶಕಕ್ಕೂ ಇರುವ ಅಂತರ. ನಿಮಗೆ ಬೇಕಾದದ್ದು ಬೀಮಿಗೂ ಮೇಲಿನ ಗೆರೆಗೂ ಇರುವ ಅಂತರ.

B ಯ ಸ್ಪರ್ಶಕ ಬೇರೊಂದು ಗೆರೆ, ಅದು ಬಲದಿಂದ ಎಡಕ್ಕೆ ಇಳಿಯುತ್ತದೆ. ಅಳೆಯುವ ಗೆರೆಯೇ ಬೇರೆಯಾದ ಮೇಲೆ 26.67 ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಈಗ A ಯ ಸ್ಪರ್ಶಕ ಎಷ್ಟು ಓರೆ ಎಂದು ತಿಳಿದರೆ ಸಾಕು. B ಯ ಬಳಿ ಅದು ಎಷ್ಟು ಕೆಳಗಿದೆ ಎನ್ನುವುದನ್ನು ಎರಡನೆಯ ಪ್ರಮೇಯವೇ ಕೊಡುತ್ತದೆ: ಇಡೀ ಚಿತ್ರದ ಮೊಮೆಂಟನ್ನು B ಯ ಸುತ್ತ ತೆಗೆಯಿರಿ. 416/EI ಬರಬೇಕು. B ಆಧಾರದ ಮೇಲಿದೆ, ಇಳಿದಿಲ್ಲ. ಹಾಗಾಗಿ 416 ಅನ್ನು 6 ರಿಂದ ಭಾಗಿಸಿದರೆ A ಯ ಇಳಿಜಾರು 69.33/EI. 4 ಮೀಟರ್ ದೂರದಲ್ಲಿ ಸ್ಪರ್ಶಕ ಇಳಿದಿರುವುದು 277.33. ಅದರಲ್ಲಿ ನಿಮ್ಮ 154.67 ಕಳೆಯಿರಿ. ಉಳಿದ 122.67/EI ನಿಜವಾದ ಡಿಫ್ಲೆಕ್ಷನ್.

ಮಂಡ್ಯ_ಸಿವಿಲ್

ಸರ್, ಪುಸ್ತಕದ ಉತ್ತರ ಇದೇ! B ಕಡೆಯಿಂದಲೂ ಮಾಡಿ ನೋಡಿದೆ. A ಯ ಸುತ್ತ ಮೊಮೆಂಟ್ ತೆಗೆದರೆ 448/EI, ಆದ್ದರಿಂದ B ಯ ಇಳಿಜಾರು 74.67/EI. D ಯವರೆಗೆ 2 ಮೀಟರ್, 149.33. ಅದರಲ್ಲಿ 26.67 ಹೋದರೆ ಅದೇ 122.67.

ಆದರೆ 416 ತರುವುದರಲ್ಲಿ ಬೆವರು ಇಳಿಯಿತು. ನಡುವಿನ ತ್ರಾಪಿಜ್ಯದ ಕೇಂದ್ರ ಹುಡುಕುವುದು, ಪ್ರತಿ ತುಂಡಿಗೂ ದೂರ ಕೂಡಿಸುವುದು, ಇದೆಲ್ಲ ಭಾರ ಎರಡೇ ಇರುವಾಗ. ನಾಲ್ಕು ಭಾರ ಕೊಟ್ಟರೆ ಮೂರು ಗಂಟೆಯೂ ಇದಕ್ಕೇ ಸಾಲದು.

ಸರಸ್ವತೀಪುರಂ_ವಿನ್ಯಾಸ

ಮೈಸೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮೇಷ್ಟ್ರು ಹೇಳಿದ ಚಿತ್ರ ಮನಸ್ಸಿನಲ್ಲಿ ನಿಂತಿದ್ದರೆ ಉಳಿದದ್ದು ಬರೀ ಕೂಡಿ ಕಳೆಯುವ ಕೆಲಸ, ಅದನ್ನು ಹಗುರ ಮಾಡಿಕೊಳ್ಳಬಹುದು. ನೀವು ಒಟ್ಟು ಮೊಮೆಂಟ್ ಚಿತ್ರ ಬರೆದು ಆಮೇಲೆ ತುಂಡು ಮಾಡುತ್ತಿದ್ದೀರಿ. ಒಟ್ಟು ಮಾಡುವುದಕ್ಕೆ ಮೊದಲೇ ನಿಲ್ಲಿ. ಎಡದಿಂದ ಹೊರಟು, ಒಂದೊಂದು ಬಲಕ್ಕೂ ಬೇರೆ ಬೇರೆ ಚಿತ್ರ ಬರೆಯಿರಿ.

A ಯ ಪ್ರತಿಕ್ರಿಯೆ 16 ಒಂದೇ ಇದ್ದರೆ ಅದರ ಮೊಮೆಂಟ್ A ಯಲ್ಲಿ ಸೊನ್ನೆಯಿಂದ ಏರುತ್ತಾ B ಯಲ್ಲಿ 96 ಆಗುತ್ತದೆ. ಒಂದೇ ತ್ರಿಭುಜ: ವಿಸ್ತೀರ್ಣ 288, ಕೇಂದ್ರ B ಯಿಂದ 2 ಮೀಟರ್, ಮೊಮೆಂಟ್ 576. ಮೊದಲ ಭಾರ 12 ಕೆಳಮುಖ, ಆದ್ದರಿಂದ ಅದರ ತ್ರಿಭುಜ ಗೆರೆಯ ಕೆಳಗೆ. C ಯಲ್ಲಿ ಹುಟ್ಟಿ B ಯಲ್ಲಿ 48 ಆಗುತ್ತದೆ. ವಿಸ್ತೀರ್ಣ 96, ಕೇಂದ್ರ B ಯಿಂದ 1.333, ಮೊಮೆಂಟ್ 128. ಎರಡನೆಯ ಭಾರದ್ದು D ಯಲ್ಲಿ ಹುಟ್ಟಿ B ಯಲ್ಲಿ ಅದೂ 48. ವಿಸ್ತೀರ್ಣ 48, ಕೇಂದ್ರ 0.667, ಮೊಮೆಂಟ್ 32. 576 ರಲ್ಲಿ 128 ಮತ್ತು 32 ಕಳೆದರೆ 416.

ಎಲ್ಲವೂ ತ್ರಿಭುಜ, ಎಲ್ಲದರ ಕೇಂದ್ರವೂ ಎತ್ತರದ ಬದಿಯಿಂದ ಮೂರನೆಯ ಒಂದು ಭಾಗದಲ್ಲಿ. ಇನ್ನೊಂದು ಭಾರ ಬಂದರೆ ಇನ್ನೊಂದು ತ್ರಿಭುಜ, ಅಷ್ಟೇ. D ಯವರೆಗಿನ ಲೆಕ್ಕಕ್ಕೂ ಇದೇ ಚಿತ್ರವನ್ನು D ಯಲ್ಲಿ ಕತ್ತರಿಸಿ: ಮೊದಲ ತ್ರಿಭುಜ ಅಲ್ಲಿ 64 ಎತ್ತರ, ಎರಡನೆಯದು 24, ಮೂರನೆಯದು ಇನ್ನೂ ಹುಟ್ಟಿಲ್ಲ. 170.67 ರಲ್ಲಿ 16 ಕಳೆದರೆ ನಿಮ್ಮ 154.67.

ಉತ್ತರ ಸರಿಯೇ ಎಂದು ತಿಳಿಯಲು ನಾನು ನೋಡುವುದು ಇದನ್ನು. ಮೊದಲ ಪ್ರಮೇಯದ ಪ್ರಕಾರ ಎರಡು ತುದಿಗಳ ಇಳಿಜಾರುಗಳ ಮೊತ್ತ ಒಟ್ಟು ವಿಸ್ತೀರ್ಣಕ್ಕೆ ಸಮವಾಗಿರಬೇಕು. 69.33 ಮತ್ತು 74.67 ಸೇರಿದರೆ 144. ವಿಸ್ತೀರ್ಣ 288 ರಲ್ಲಿ 96 ಮತ್ತು 48 ಕಳೆದರೂ 144. ಹುಡುಗರು ಸಾಮಾನ್ಯವಾಗಿ B ಯ ಸುತ್ತ ತೆಗೆಯಬೇಕಾದ ಮೊಮೆಂಟನ್ನು A ಯ ಸುತ್ತ ತೆಗೆದು, ಎರಡು ಇಳಿಜಾರುಗಳನ್ನು ಅದಲುಬದಲು ಮಾಡುತ್ತಾರೆ. ಮೊತ್ತ ಆಗಲೂ 144 ಬರುವುದರಿಂದ ಆ ತಪ್ಪು ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು: ಹೆಚ್ಚಿನ ಭಾರ B ಯ ಕಡೆಗಿದೆ, ಹಾಗಾಗಿ B ಯ ಇಳಿಜಾರೇ ದೊಡ್ಡದಿರಬೇಕು.

ಮದ್ದೂರು_ಮನೆಯವರು

ನಮ್ಮ ಮನೆಯ ಪೋರ್ಟಿಕೊ ಬೀಮು ಕೂಡ ಹೀಗೆಯೇ ನಡುವೆ ಇಳಿದಿದೆ. ಕಾಂಕ್ರೀಟಿನದು, ಹದಿನಾಲ್ಕು ಅಡಿ. ಕಟ್ಟಿದಾಗ ಸರಿಯಿತ್ತು, ವರ್ಷಗಳು ಕಳೆದ ಹಾಗೆ ಇಳಿಯುತ್ತಾ ಬಂದಿದೆ, ಕೆಳಗೆ ಸಣ್ಣ ಬಿರುಕುಗಳಿವೆ. ನೀವು ಹೇಳುತ್ತಿರುವ 122.67 ಮಿಲಿಮೀಟರೇ? ಅಷ್ಟು ಇಳಿದರೆ ಅಪಾಯವಲ್ಲವೇ? ಈ ಲೆಕ್ಕವನ್ನು ನಮ್ಮ ಬೀಮಿಗೆ ಹಾಕಿಕೊಡಬಹುದೇ?

ಸರಸ್ವತೀಪುರಂ_ವಿನ್ಯಾಸ

ಅಲ್ಲ, ಅದು ಮಿಲಿಮೀಟರ್ ಅಲ್ಲ. ಅದನ್ನು ಬೀಮಿನ ಬಿಗಿತದಿಂದ, ಅಂದರೆ EI ನಿಂದ, ಇನ್ನೂ ಭಾಗಿಸಬೇಕು.

ನಿಮ್ಮ ಬೀಮಿಗೆ ಇದನ್ನು ನೇರವಾಗಿ ಹಾಕಲು ನಾನು ಒಪ್ಪುವುದಿಲ್ಲ. ಇಲ್ಲಿ ಬೀಮಿನ ಉದ್ದಕ್ಕೂ EI ಒಂದೇ ಎಂದು ಹಿಡಿದಿದ್ದೇವೆ, ಉಕ್ಕಿನ ಜಾಯಿಸ್ಟಿಗೆ ಅದು ಸಲ್ಲುತ್ತದೆ. ಕಾಂಕ್ರೀಟ್ ಬಿರುಕು ಬಿಟ್ಟ ಕಡೆ ಬಿಗಿತ ಕಡಿಮೆಯಾಗುತ್ತದೆ. ಜೊತೆಗೆ ಭಾರ ಹೆಚ್ಚದಿದ್ದರೂ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಐಎಸ್ 456 ಆ ನಿಧಾನದ ಬಾಗುವಿಕೆಯನ್ನೂ ಸೇರಿಸಿಯೇ ಒಟ್ಟು ಮಿತಿಯನ್ನು ಉದ್ದದ 250 ನೇ ಒಂದು ಭಾಗ ಎಂದು ಇಟ್ಟಿದೆ. ಹದಿನಾಲ್ಕು ಅಡಿಗೆ ಸುಮಾರು 17 ಮಿಲಿಮೀಟರ್. ನಿಮ್ಮದು ಎಷ್ಟು ಇಳಿದಿದೆ, ಬಿರುಕು ಅಡ್ಡಕ್ಕಿದೆಯೋ ಕಂಬಿಯ ಉದ್ದಕ್ಕೂ ಇದೆಯೋ ಎಂದು ತಿಳಿಯದೆ ಏನೂ ಹೇಳಲಾಗದು. ಉದ್ದಕ್ಕೂ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿದಿರಬಹುದು, ಅದು ಬೇರೆಯದೇ ಕಥೆ. ಸ್ಥಳಕ್ಕೆ ಬಂದು ನೋಡುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಯಿರಿ.

ಹೆಬ್ಬಾಳು_ವೆಲ್ಡಿಂಗ್

ನಾನು ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಫ್ಯಾಬ್ರಿಕೇಷನ್ ಮಾಡುವವನು. ಪ್ರಮೇಯ ಗೊತ್ತಿಲ್ಲ, ಜಾಯಿಸ್ಟ್ ಗೊತ್ತು. ಈ ಲೆಕ್ಕ ನೋಡಿ ಕಿವಿ ನೆಟ್ಟಗಾಯಿತು, ಏಕೆಂದರೆ ನಾನು ಮಾಡಿದ ಒಂದು ನೀರಿನ ಟ್ಯಾಂಕಿನ ಅಟ್ಟ ಹೆಚ್ಚುಕಡಿಮೆ ಇದೇ ಅಳತೆಯದು. ಎರಡು ಮುಖ್ಯ ಜಾಯಿಸ್ಟ್, ಉದ್ದ 6 ಮೀಟರ್, ಐಎಸ್‌ಎಂಬಿ 225. ಮೇಲೆ 2000 ಲೀಟರಿನ ಒಂದು, 4000 ಲೀಟರಿನ ಒಂದು ಟ್ಯಾಂಕ್, ಒಂದು ತುದಿಯಿಂದ 2 ಮತ್ತು 4 ಮೀಟರಿನ ಆಸುಪಾಸಿನಲ್ಲಿ. ಒಂದೊಂದು ಜಾಯಿಸ್ಟಿಗೆ ಅರ್ಧ ಎಂದರೆ ಟ್ಯಾಂಕು, ಅಡ್ಡ ಜಾಯಿಸ್ಟು ಎಲ್ಲ ಸೇರಿ 12 ಮತ್ತು 24 ಅಂದಾಜಿಗೆ ಸರಿಹೋಗುತ್ತದೆ. ಎಷ್ಟು ಬಾಗಬೇಕು? ದೊಡ್ಡ ಟ್ಯಾಂಕಿನ ಕೆಳಗೇ ತಾನೆ ಹೆಚ್ಚು ಬಾಗುವುದು?

ನಿವೃತ್ತ_ಮೇಷ್ಟ್ರು

ಕೊನೆಯ ಪ್ರಶ್ನೆ ಒಳ್ಳೆಯದು. ಉತ್ತರ: ಅಲ್ಲ.

ಹೆಚ್ಚು ಬಾಗುವ ಕಡೆ ಬೀಮಿನ ಸ್ಪರ್ಶಕ ಮಟ್ಟಸವಾಗಿರುತ್ತದೆ, ಇಳಿಜಾರು ಸೊನ್ನೆ. A ಯಲ್ಲಿ 69.33 ಇದ್ದ ಇಳಿಜಾರು ಕರಗಿಹೋಗುವಷ್ಟು ವಿಸ್ತೀರ್ಣ ಎಲ್ಲಿಗೆ ಕೂಡಿಬರುತ್ತದೆ ಎಂದು ಹುಡುಕಿದರೆ ಸಾಕು, ಇದು ಮೊದಲ ಪ್ರಮೇಯದ ಕೆಲಸ. A ಯಿಂದ x ದೂರದವರೆಗೆ ಮೊದಲ ತ್ರಿಭುಜದ ವಿಸ್ತೀರ್ಣ 8x², ಎರಡನೆಯದು 6(x − 2)². ಆದ್ದರಿಂದ

8x² − 6(x − 2)² = 69.33

x ಗೆ 3.09 ಮೀಟರ್ ಬರುತ್ತದೆ. ಎರಡು ಭಾರಗಳ ನಡುವೆ ಇದೆ, ಹಾಗಾಗಿ ಸಮೀಕರಣ ಸಲ್ಲುತ್ತದೆ. ಹೊರಗೆ ಬಿದ್ದಿದ್ದರೆ ತಪ್ಪಾದ ತುಂಡಿನ ಸಮೀಕರಣ ಹಿಡಿದಿದ್ದೇವೆ ಎಂದರ್ಥ. ಅಲ್ಲಿನ ಡಿಫ್ಲೆಕ್ಷನ್ 138.15/EI. ನಟ್ಟನಡುವೆ, 3 ಮೀಟರಿನಲ್ಲಿ, 138/EI. ದೊಡ್ಡ ಭಾರದ ಕೆಳಗೆ 122.67 ಮಾತ್ರ.

24 ಕಿಲೋನ್ಯೂಟನ್ ಭಾರ ಎಳೆದದ್ದು ನಡುವಿನಿಂದ ಬರೀ 9 ಸೆಂಟಿಮೀಟರ್. ಸರಳ ಆಧಾರದ ಬೀಮಿನಲ್ಲಿ ಕೆಳಮುಖ ಭಾರಗಳನ್ನು ನೀವು ಹೇಗೆ ಇಟ್ಟರೂ ಈ ಬಿಂದು ನಡುವಿನಿಂದ ಉದ್ದದ ನೂರಕ್ಕೆ 8 ಭಾಗಕ್ಕಿಂತ ಆಚೆ ಹೋಗುವುದಿಲ್ಲ. ನಿಮ್ಮ 6 ಮೀಟರಿಗೆ ಅರ್ಧ ಮೀಟರಿಗಿಂತ ಕಡಿಮೆ. ಕಾರ್ಖಾನೆಯಲ್ಲಿ ಅಳೆಯುವುದಾದರೆ ನಡುವೆ ಅಳೆಯಿರಿ, ಸಾಕು. ಪರೀಕ್ಷೆಯಲ್ಲಿ ಗರಿಷ್ಠ ಎಂದು ಕೇಳಿದರೆ ಮಾತ್ರ x ಹುಡುಕಿ.

ಲೆಕ್ಕಪಕ್ಕಾ

8x² ಮತ್ತು 6(x − 2)² ಎಂದು ಬರೆದಿರಿ. ಇದು ಮೆಕಾಲೆ ಅಲ್ಲದೆ ಮತ್ತೇನು ಮೇಷ್ಟ್ರೇ? ಹಿಂಬಾಗಿಲಿನಿಂದ ಕರೆತಂದಿದ್ದೀರಿ.

ನಿವೃತ್ತ_ಮೇಷ್ಟ್ರು

ಬಲಗಳನ್ನು ಬಿಡಿಬಿಡಿಯಾಗಿ ಬರೆದ ಮೇಲೆ ಎರಡೂ ಒಂದೇ ಮನೆಯ ಮಕ್ಕಳು, ಒಪ್ಪುತ್ತೇನೆ. ಬೀಮಿನ ಉದ್ದಕ್ಕೂ ಎಲ್ಲ ಕಡೆಯ ಡಿಫ್ಲೆಕ್ಷನ್ ಬೇಕಿದ್ದರೆ ನಾನೂ ಮೆಕಾಲೆಯನ್ನೇ ಹಿಡಿಯುತ್ತೇನೆ. ಒಂದೆರಡು ಬಿಂದು ಸಾಕು ಎಂದರೆ, ಅಥವಾ ಬೀಮಿನ ಒಂದು ಭಾಗ ದಪ್ಪ ಇನ್ನೊಂದು ಭಾಗ ತೆಳು ಎಂದರೆ, ವಿಸ್ತೀರ್ಣದ ದಾರಿ ಹತ್ತಿರ. ಚಿತ್ರದ ಆ ಭಾಗವನ್ನಷ್ಟೇ ಬೇರೆ EI ನಿಂದ ಭಾಗಿಸಿ ಮುಂದೆ ಹೋಗಬಹುದು.

ಲೆಕ್ಕಪಕ್ಕಾ

ನನಗೆ ಈಗಲೂ ಸ್ಥಿರಾಂಕಗಳೇ ಇಷ್ಟ. ಚಿತ್ರ ಬರೆದರೆ ನನ್ನ ಬೀಮು ಮೇಲಕ್ಕೆ ಬಾಗುತ್ತದೆ.

ಸರಸ್ವತೀಪುರಂ_ವಿನ್ಯಾಸ

ಹೆಬ್ಬಾಳಿನವರ ಜಾಯಿಸ್ಟಿಗೆ ಬರೋಣ. ಐಎಸ್‌ಎಂಬಿ 225 ರ I ಸುಮಾರು 3440 ಸೆಂ.ಮೀ⁴. ಉಕ್ಕಿನ E ಗೆ 2 × 10⁵ ನ್ಯೂಟನ್ ಪ್ರತಿ ಚದರ ಮಿ.ಮೀ. ಎರಡನ್ನೂ ಗುಣಿಸಿ ಕಿಲೋನ್ಯೂಟನ್ ಮತ್ತು ಮೀಟರಿಗೆ ತಂದರೆ EI 6880. ಮೊಮೆಂಟ್ ಕಿಲೋನ್ಯೂಟನ್ ಮೀಟರಿನಲ್ಲಿ, EI ನ್ಯೂಟನ್ ಮಿಲಿಮೀಟರಿನಲ್ಲಿ ಇಟ್ಟು ಭಾಗಿಸುವವರು ಬಹಳ ಜನ; ಉತ್ತರ ಕೂದಲೆಳೆಗಿಂತ ಸಣ್ಣದಾಗಿ ಬಂದರೆ ಅಲ್ಲಿ ಹುಡುಕಿ.

138 ಅನ್ನು 6880 ರಿಂದ ಭಾಗಿಸಿದರೆ 0.0201 ಮೀಟರ್, ಅಂದರೆ 20.1 ಮಿಲಿಮೀಟರ್. ಜಾಯಿಸ್ಟಿನ ಸ್ವಂತ ತೂಕ ಮೀಟರಿಗೆ 31 ಕೆ.ಜಿ.ಯಷ್ಟು. ಅದರ ಮೊಮೆಂಟ್ ಚಿತ್ರ ತ್ರಿಭುಜವಲ್ಲ, ಬಾಗಿದ ಗೆರೆಯ ಕೆಳಗಿನ ಭಾಗ: ವಿಸ್ತೀರ್ಣ ಉದ್ದ ಗುಣಿಸು ಎತ್ತರದ ಮೂರನೆಯ ಒಂದು, ಕೇಂದ್ರ ಎತ್ತರದ ಬದಿಯಿಂದ ನಾಲ್ಕನೆಯ ಒಂದು ಭಾಗದಲ್ಲಿ. ಅದನ್ನೂ ಉಳಿದವುಗಳ ಜೊತೆ ಸೇರಿಸಿದರೆ ಮುಕ್ಕಾಲು ಮಿಲಿಮೀಟರ್ ಹೆಚ್ಚಾಗುತ್ತದೆ. ಒಟ್ಟು 21 ರ ಹತ್ತಿರ.

ಐಎಸ್ 800 ರಲ್ಲಿ ಮೇಲೆ ಬಿರುಕು ಬಿಡುವಂಥದ್ದು ಏನೂ ಇಲ್ಲದಿದ್ದರೆ ಮಿತಿ ಉದ್ದದ 300 ನೇ ಒಂದು, ಅಂದರೆ 20 ಮಿಲಿಮೀಟರ್. ಒತ್ತಡದ ಲೆಕ್ಕದಲ್ಲಿ ನಿಮ್ಮ ಜಾಯಿಸ್ಟ್ ಆರಾಮವಾಗಿದೆ: 40 ಕಿಲೋನ್ಯೂಟನ್ ಮೀಟರಿಗೆ ಸುಮಾರು 131 ನ್ಯೂಟನ್ ಪ್ರತಿ ಚದರ ಮಿ.ಮೀ., ಉಕ್ಕು 250 ಕ್ಕೆ ಸೋಲುವುದು. ಮುರಿಯುವುದಿಲ್ಲ, ಆದರೆ ಬಾಗುವುದು ಮಿತಿಗಿಂತ ಎಳೆಯಷ್ಟು ಹೆಚ್ಚು. ನಾನಾಗಿದ್ದರೆ ಐಎಸ್‌ಎಂಬಿ 250 ಹಾಕುತ್ತಿದ್ದೆ. ಆಳ 25 ಮಿಲಿಮೀಟರ್ ಹೆಚ್ಚಿದರೆ ಡಿಫ್ಲೆಕ್ಷನ್ 14 ಕ್ಕೆ ಇಳಿಯುತ್ತದೆ.

ಹೆಬ್ಬಾಳು_ವೆಲ್ಡಿಂಗ್

ಮೇಡಂ, ಒಂದು ಸಂಶಯ. ಆ ಅಟ್ಟವನ್ನು ನಾನು ಅಳೆದಿದ್ದೇನೆ. ಜಾಯಿಸ್ಟಿನ ಎರಡು ತುದಿಗಳಲ್ಲಿ ಕೆಳಗಿನ ಫ್ಲ್ಯಾಂಜಿಗೆ 50 ಮಿಲಿಮೀಟರಿನ ಮರದ ತುಂಡು ಕೊಟ್ಟು, ಅದರ ಕೆಳಗೆ ನೈಲಾನ್ ದಾರ ಬಿಗಿದು ಕಟ್ಟಿದ್ದೆ. ಟ್ಯಾಂಕ್ ಖಾಲಿ ಇದ್ದಾಗ ನಡುವೆ ಫ್ಲ್ಯಾಂಜಿನಿಂದ ದಾರಕ್ಕೆ 46. ಮರುದಿನ ಎರಡೂ ಟ್ಯಾಂಕ್ ತುಂಬಿದ ಮೇಲೆ 32. ಬಾಗಿದ್ದು 14, ನಿಮ್ಮ ಲೆಕ್ಕ 21 ಹೇಳುತ್ತದೆ. ಹಾಗಾದರೆ ನನ್ನ ಜಾಯಿಸ್ಟ್ ಲೆಕ್ಕಕ್ಕಿಂತ ಗಟ್ಟಿಯೇ?

ಸರಸ್ವತೀಪುರಂ_ವಿನ್ಯಾಸ

ನಿಮ್ಮ ಸೊನ್ನೆ ಎಲ್ಲಿಟ್ಟಿರಿ ಎಂದು ನೋಡಿ. ಖಾಲಿ ಟ್ಯಾಂಕು, ಅಡ್ಡ ಜಾಯಿಸ್ಟು, ಸ್ವಂತ ತೂಕ, ಇವುಗಳಿಂದ ಆದ ಬಾಗು ದಾರ ಕಟ್ಟುವಾಗಲೇ ಆಗಿಹೋಗಿತ್ತು. ನೀವು ಅಳೆದದ್ದು ನೀರಿನಿಂದ ಆದದ್ದನ್ನು ಮಾತ್ರ. 12 ರಲ್ಲಿ 10, 24 ರಲ್ಲಿ 20 ನೀರು. 20.1 ರ ಆರನೆಯ ಐದು ಭಾಗ 16.7. ಹೋಲಿಸಬೇಕಾದದ್ದು 14 ಮತ್ತು 16.7.

ನಿವೃತ್ತ_ಮೇಷ್ಟ್ರು

ಉಳಿದ 2.7 ಕ್ಕೆ ನನ್ನ ಅನುಮಾನ ತುದಿಗಳ ಮೇಲೆ. ಜಾಯಿಸ್ಟ್ ತುದಿಗಳನ್ನು ಹೇಗೆ ಕೂಡಿಸಿದ್ದೀರಿ? ಕಂಬಕ್ಕೆ ಆಂಗಲ್ ಇಟ್ಟು ನಾಲ್ಕು ಬೋಲ್ಟ್ ಬಿಗಿದಿದ್ದರೆ ಅಥವಾ ಸುತ್ತ ವೆಲ್ಡ್ ಮಾಡಿದ್ದರೆ ತುದಿ ಸುಮ್ಮನೆ ಕುಳಿತಿಲ್ಲ, ಸ್ವಲ್ಪ ಹಿಡಿದುಕೊಂಡಿದೆ. ಹಿಡಿದುಕೊಂಡ ತುದಿಯಲ್ಲಿ ಋಣ ಮೊಮೆಂಟ್ ಹುಟ್ಟುತ್ತದೆ, ಚಿತ್ರದಲ್ಲಿ ಅದರ ವಿಸ್ತೀರ್ಣ ಕಳೆಯಬೇಕು, ಬಾಗು ಕಡಿಮೆಯಾಗುತ್ತದೆ. ಇಳಿಜಾರು ಸೊನ್ನೆಯೂ ಅಲ್ಲ, 69.33 ಕೂಡ ಅಲ್ಲ, ನಡುವೆ ಎಲ್ಲೋ.

ಸರಸ್ವತೀಪುರಂ_ವಿನ್ಯಾಸ

ನನಗೆ ದಾರದ ಮೇಲೇ ಅನುಮಾನ, ಮೇಷ್ಟ್ರೇ. ನೈಲಾನ್ ದಾರ ರಾತ್ರಿಯಿಡೀ ಬಿಗಿದಿಟ್ಟರೆ ಸಡಿಲವಾಗುತ್ತದೆ. ಮರುದಿನ ಅದು ನಡುವೆ 2 ಮಿಲಿಮೀಟರ್ ಜೋತುಬಿದ್ದಿದ್ದರೂ ಅಂತರ 30 ರ ಬದಲು 32 ಕಾಣುತ್ತದೆ. ಅಲ್ಲದೆ ಒಂದೊಂದು ಟ್ಯಾಂಕಿನ ಭಾರ ಒಂದೇ ಬಿಂದುವಿನಲ್ಲಿ ಬಿದ್ದಿಲ್ಲ, ಅಗಲಕ್ಕೆ ಹರಡಿದೆ. ಅದರಿಂದ ದೊಡ್ಡ ವ್ಯತ್ಯಾಸ ಆಗದು, ಆದರೂ ಇದೆ.

ಹೆಬ್ಬಾಳು_ವೆಲ್ಡಿಂಗ್

ತುದಿಗಳಲ್ಲಿ ಆಂಗಲ್ ಕ್ಲೀಟ್, ಬೋಲ್ಟ್. ವೆಲ್ಡ್ ಇಲ್ಲ. ಬೋಲ್ಟನ್ನು ಹುಡುಗರು ಎಷ್ಟು ಬಿಗಿದಿದ್ದಾರೋ ದೇವರೇ ಬಲ್ಲ. ಟ್ಯಾಂಕ್ ತೊಳೆಯಲು ಖಾಲಿ ಮಾಡುವಾಗ ದಾರದ ಬದಲು ಸಣ್ಣ ಸ್ಟೀಲ್ ತಂತಿ ಕಟ್ಟಿ ಮತ್ತೆ ಅಳೆಯುತ್ತೇನೆ. ನಡುವೆ ಒಂದೇ ಕಡೆ ಅಳೆದರೆ ಸಾಕೇ?

ನಿವೃತ್ತ_ಮೇಷ್ಟ್ರು

2, 3 ಮತ್ತು 4 ಮೀಟರಿನಲ್ಲಿ ಅಳೆಯಿರಿ. ಲೆಕ್ಕದಲ್ಲಿ ಮೂರೂ 117.33, 138, 122.67 ರ ಪ್ರಮಾಣದಲ್ಲಿವೆ. ತಂತಿಯದೇ ತಪ್ಪಾಗಿದ್ದರೆ ಅಥವಾ ತುದಿ ಹಿಡಿದುಕೊಂಡಿದ್ದರೆ ಆ ಪ್ರಮಾಣ ಬೇರೆ ಬೇರೆ ರೀತಿಯಲ್ಲಿ ಕೆಡಬೇಕು. ಅಷ್ಟು ಸೂಕ್ಷ್ಮ ವ್ಯತ್ಯಾಸ ನಿಮ್ಮ ಅಳತೆಪಟ್ಟಿಗೆ ಸಿಗುತ್ತದೆಯೇ ಎನ್ನುವುದು ಬೇರೆ ಮಾತು.

ಮಂಡ್ಯ_ಸಿವಿಲ್

ಮುಂದಿನ ಲೆಕ್ಕದಲ್ಲಿ ಬೀಮು B ಯನ್ನು ದಾಟಿ ಒಂದೂವರೆ ಮೀಟರ್ ಹೊರಚಾಚಿದೆ, ತುದಿಯಲ್ಲಿ ಇನ್ನೊಂದು ಭಾರ. A ಯ ಸ್ಪರ್ಶಕವನ್ನೇ ಅಲ್ಲಿಯವರೆಗೆ ಎಳೆಯಬಹುದೇ, ಅಥವಾ B ಯಿಂದ ಹೊಸದಾಗಿ ಶುರುಮಾಡಬೇಕೇ?

ನಿವೃತ್ತ_ಮೇಷ್ಟ್ರು

ಎರಡೂ ನಡೆಯುತ್ತದೆ, ಚಿಹ್ನೆಯನ್ನು ಕೈಬಿಡದಿದ್ದರೆ. A ಯಿಂದ ಎಳೆದರೆ 7.5 ಮೀಟರಿಗೆ ಗುಣಿಸಿ, ಹೊರತುದಿಯ ಸುತ್ತ ಎಲ್ಲ ತ್ರಿಭುಜಗಳ ಮೊಮೆಂಟ್ ಕಳೆಯಿರಿ. B ಯ ಪ್ರತಿಕ್ರಿಯೆಗೂ ಒಂದು ತ್ರಿಭುಜ ಬೇಕಾಗುತ್ತದೆ, ಅದನ್ನು ಮರೆಯಬೇಡಿ. ಉತ್ತರ ಋಣವಾಗಿ ಬಂದರೆ ಗಾಬರಿ ಬೇಡ, ಹೊರತುದಿ ಮೇಲಕ್ಕೆ ಎದ್ದಿದೆ ಎಂದರ್ಥ. ಭಾರಗಳ ಅಂಕಿ ಹಾಕಿ, ನೋಡೋಣ.